ಕಂಬ, ತಂತಿ ಮತ್ತು ಕೊನೆಯ ಯೂನಿಟ್ಟಿನ ಬೆಲೆ

ಮನೆಯ ಕರೆಂಟ್ ಬಿಲ್ಲನ್ನು ಒಮ್ಮೆ ಕೈಗೆತ್ತಿಕೊಳ್ಳಿ. ಅದರಲ್ಲಿ ಮುಖ್ಯವಾಗಿ ಎರಡು ಸಾಲುಗಳಿರುತ್ತವೆ. ಒಂದು ನಿಗದಿತ ಶುಲ್ಕ, ನಿಮ್ಮ ಮನೆಗೆ ಮಂಜೂರಾದ ಕಿಲೋವ್ಯಾಟ್ ಲೆಕ್ಕದ್ದು. ಇನ್ನೊಂದು ಉರಿಸಿದ ಯೂನಿಟ್ಟುಗಳ ಲೆಕ್ಕ. ತಿಂಗಳಿಡೀ ಬೀಗ ಹಾಕಿಕೊಂಡು ಊರಿಗೆ ಹೋಗಿದ್ದರೂ ಮೊದಲನೆಯದು ಬಂದೇ ಬರುತ್ತದೆ. ‘ಉರಿಸದ ಕರೆಂಟಿಗೆ ಯಾಕೆ ದುಡ್ಡು?’ ಎಂದು ಕೇಳದವರು ಕಡಿಮೆ. ಕೇಳಲೇಬೇಕಾದ ಪ್ರಶ್ನೆ ಅದು. ಅರ್ಥಶಾಸ್ತ್ರಜ್ಞರು ನೂರು ವರ್ಷಕ್ಕೂ ಮಿಕ್ಕಿ ಇದೇ ಪ್ರಶ್ನೆಯ ಸುತ್ತ ವಾದಿಸಿದ್ದಾರೆ.

ಒಂದು ಬೀದಿಯಲ್ಲಿ ಎರಡು ಕಂಪನಿಗಳು ಎರಡು ಸಾಲು ಕಂಬ ನೆಟ್ಟು, ಎರಡು ಟ್ರಾನ್ಸ್‌ಫಾರ್ಮರ್ ಕೂರಿಸಿದರೆ ಖರ್ಚು ದುಪ್ಪಟ್ಟಾಗುತ್ತದೆ. ಇಡೀ ಊರಿಗೆ ಒಬ್ಬರೇ ಪೂರೈಸುವುದು ಅಗ್ಗವಾಗುವ ಇಂಥ ಸ್ಥಿತಿಯೇ ನೈಸರ್ಗಿಕ ಏಕಸ್ವಾಮ್ಯ. ಪೈಪೋಟಿಯಿಂದ ಬೆಲೆ ಇಳಿಯುವ ಸಾಧ್ಯತೆ ಇಲ್ಲಿಲ್ಲ. ಆದ್ದರಿಂದ ಬೆಲೆಯನ್ನು ಯಾರಾದರೂ ಹೊರಗಿನಿಂದ ಗೊತ್ತುಮಾಡಬೇಕು. ಎಷ್ಟೆಂದು?

ಲೆಕ್ಕಕ್ಕಾಗಿ ಒಂದು ಸಣ್ಣ ಊರನ್ನು ಕಲ್ಪಿಸಿಕೊಳ್ಳೋಣ. ಕಂಬ, ತಂತಿ, ಸಾಲದ ಬಡ್ಡಿ, ಲೈನ್‌ಮನ್‌ಗಳ ಸಂಬಳ ಸೇರಿ ತಿಂಗಳಿಗೆ 6 ಲಕ್ಷ ರೂಪಾಯಿ. ಒಂದು ಯೂನಿಟ್ ಮಾರಿದರೂ ನಾಲ್ಕು ಲಕ್ಷ ಯೂನಿಟ್ ಮಾರಿದರೂ ಈ ಖರ್ಚು ಅಷ್ಟೇ. ಅದರ ಮೇಲೆ, ಹೊರಗಿನಿಂದ ಕೊಳ್ಳುವ ಕರೆಂಟಿಗೆ ಯೂನಿಟ್ಟಿಗೆ 4 ರೂಪಾಯಿ. ಇನ್ನೊಂದು ಯೂನಿಟ್ ಹೆಚ್ಚಿಗೆ ಕೊಡಲು ತಗಲುವ ಈ 4 ರೂಪಾಯಿಯೇ ಸೀಮಾಂತ ವೆಚ್ಚ. ಬೆಲೆ 8 ರೂಪಾಯಿ ಇದ್ದರೆ ಊರಿನವರು 2 ಲಕ್ಷ ಯೂನಿಟ್ ಬಳಸುತ್ತಾರೆ, 6 ಇದ್ದರೆ 3 ಲಕ್ಷ, 4 ಇದ್ದರೆ 4 ಲಕ್ಷ ಎಂದಿಟ್ಟುಕೊಳ್ಳಿ.

ಕಂಪನಿಯನ್ನು ಅದರ ಪಾಡಿಗೆ ಬಿಟ್ಟರೆ 8 ರೂಪಾಯಿ ಇಡುತ್ತದೆ. 16 ಲಕ್ಷ ಬರುತ್ತದೆ, 14 ಲಕ್ಷ ಹೋಗುತ್ತದೆ, 2 ಲಕ್ಷ ಲಾಭ. ನಿಯಂತ್ರಕರು ಬಂದು ‘ಖರ್ಚು ಹುಟ್ಟಿದರೆ ಸಾಕು’ ಎಂದರೆ ಬೆಲೆ 6ಕ್ಕೆ ನಿಲ್ಲುತ್ತದೆ. 3 ಲಕ್ಷ ಯೂನಿಟ್ಟಿನಿಂದ 18 ಲಕ್ಷ ಬರುತ್ತದೆ, ಖರ್ಚೂ ಸರಿಯಾಗಿ 18 ಲಕ್ಷ. ಕರೆಂಟಿಗೆ ಕೊಟ್ಟ 4 ರೂಪಾಯಿಯ ಮೇಲೆ ಕಂಬ-ತಂತಿಯ ಪಾಲು 2 ರೂಪಾಯಿ. ಇದು ಸರಾಸರಿ ವೆಚ್ಚದ ಬೆಲೆ.

ನ್ಯಾಯವಾಗಿಯೇ ಕಾಣುತ್ತದೆ. ಆದರೆ ಊರಿನ ಹಿಟ್ಟಿನ ಗಿರಣಿಯನ್ನು ನೋಡಿ. ಸಂಜೆ ಇನ್ನೊಂದು ತಾಸು ಓಡಿಸಿದರೆ ಪ್ರತಿ ಯೂನಿಟ್ಟಿನಿಂದ ಗಿರಣಿಯವರಿಗೆ 5 ರೂಪಾಯಿಯಷ್ಟು ಪ್ರಯೋಜನ. ಬೆಲೆ 6 ಆದ್ದರಿಂದ ಮೋಟಾರು ಆಫ್ ಮಾಡಿ ಮನೆಗೆ ಹೋಗುತ್ತಾರೆ. ಆ ಯೂನಿಟ್ಟನ್ನು ಕೊಡಲು ಹೊಸ ಕಂಬ ಬೇಕಿರಲಿಲ್ಲ, ಹೊಸ ತಂತಿ ಬೇಕಿರಲಿಲ್ಲ, 4 ರೂಪಾಯಿ ಸಾಕಿತ್ತು. ಒಂದು ರೂಪಾಯಿಯ ಪ್ರಯೋಜನ ಯಾರಿಗೂ ಸಿಗದೆ ಹೋಯಿತು. ಫ್ರಾನ್ಸಿನ ಎಂಜಿನಿಯರ್ ಜೂಲ್ ದ್ಯುಪುಯಿ 1844ರಲ್ಲೇ ಇದನ್ನು ಗುರುತಿಸಿದ್ದ: ಸುಂಕಕ್ಕೆ ಹೆದರಿ ಸೇತುವೆ ದಾಟದೆ ಉಳಿದವನ ನಷ್ಟ ಯಾರ ಜೇಬಿಗೂ ಲಾಭವಾಗಿ ಬೀಳುವುದಿಲ್ಲ. 1938ರಲ್ಲಿ ಅಮೆರಿಕದ ಹೆರಾಲ್ಡ್ ಹೊಟೆಲಿಂಗ್ ಇನ್ನೂ ಮುಂದೆ ಹೋಗಿ, ರೈಲು, ಕರೆಂಟುಗಳ ಬೆಲೆಯನ್ನು ಸೀಮಾಂತ ವೆಚ್ಚಕ್ಕೇ ಇಳಿಸಿ, ಉಳಿದ ಖರ್ಚನ್ನು ಸರ್ಕಾರ ತೆರಿಗೆಯಿಂದ ತುಂಬಲಿ ಎಂದು ವಾದಿಸಿದ.

ನಮ್ಮ ಊರಿನಲ್ಲಿ ಹಾಗೆ ಮಾಡಿದರೆ 4 ಲಕ್ಷ ಯೂನಿಟ್ಟಿನಿಂದ 16 ಲಕ್ಷ ಬರುತ್ತದೆ, ಅಷ್ಟೂ ಕರೆಂಟ್ ಕೊಳ್ಳುವುದಕ್ಕೇ ಹೋಗುತ್ತದೆ. ಕಂಬ-ತಂತಿಯ 6 ಲಕ್ಷ ಪೂರ್ತಿ ಬಾಕಿ. ಅದೇ ಬೇಕಾದ ಸಬ್ಸಿಡಿ. ಕಂಪನಿ ಎಷ್ಟೇ ಅಚ್ಚುಕಟ್ಟಾಗಿ ನಡೆದರೂ ಈ ಕೊರತೆ ತಪ್ಪುವುದಿಲ್ಲ, ಏಕೆಂದರೆ ಅದು ಬೆಲೆಯ ಸೂತ್ರದಿಂದಲೇ ಹುಟ್ಟಿದ್ದು.

ಈ 6 ಲಕ್ಷ ಸುರಿದದ್ದಕ್ಕೆ ಏನು ಸಿಕ್ಕಿತು? ಮೊದಲೇ ಬಳಸುತ್ತಿದ್ದ 3 ಲಕ್ಷ ಯೂನಿಟ್ಟಿಗೆ ಎರಡೆರಡು ರೂಪಾಯಿ ಉಳಿದು 6 ಲಕ್ಷ. ಆದರೆ ಇದು ತೆರಿಗೆ ಕಟ್ಟಿದವರ ಜೇಬಿನಿಂದ ಗ್ರಾಹಕರ ಜೇಬಿಗೆ ಬಂದದ್ದೇ ಹೊರತು ಹೊಸದಾಗಿ ಹುಟ್ಟಿದ್ದಲ್ಲ. ಹೊಸದು ಎಂದರೆ ಗಿರಣಿಯಂಥವರು ಹೆಚ್ಚಿಗೆ ಬಳಸಿದ 1 ಲಕ್ಷ ಯೂನಿಟ್ ಮಾತ್ರ. ಅವುಗಳ ಪ್ರಯೋಜನ ಸರಾಸರಿ 5 ರೂಪಾಯಿ, ಬೆಲೆ 4. ನಿಜವಾದ ಗಳಿಕೆ 1 ಲಕ್ಷ ರೂಪಾಯಿ.

ಇಲ್ಲಿಯೇ ಇಡೀ ವಾದದ ಗಂಟಿದೆ. ತೆರಿಗೆ ಎತ್ತುವುದಕ್ಕೂ ಬೆಲೆಯಿದೆ. ವಸೂಲಿಯ ಖರ್ಚಿರುತ್ತದೆ, ತೆರಿಗೆ ಬಿದ್ದ ಸರಕಿನ ವ್ಯಾಪಾರ ಕುಗ್ಗುತ್ತದೆ. ಒಂದು ರೂಪಾಯಿ ತೆರಿಗೆ ಎತ್ತುವಾಗ ಸಮಾಜಕ್ಕೆ ಆಗುವ ಈ ಹೆಚ್ಚುವರಿ ನಷ್ಟ ಸುಮಾರು 17 ಪೈಸೆ ದಾಟಿದರೆ, 6 ಲಕ್ಷಕ್ಕೆ 1 ಲಕ್ಷಕ್ಕಿಂತ ಹೆಚ್ಚೇ ಕಳೆದುಕೊಂಡಂತೆ. ಆಗ 6 ರೂಪಾಯಿಯ ಸರಾಸರಿ ಬೆಲೆಯೇ ಮೇಲು. ಕಂಬ-ತಂತಿಯ ಹೊರೆ ಹೆಚ್ಚಿದ್ದು, ಬೆಲೆ ಇಳಿದರೂ ಬಳಕೆ ಅಷ್ಟೇನೂ ಏರದ ಊರುಗಳಲ್ಲಿ ಸೀಮಾಂತ ಬೆಲೆಯ ಪರವಾದ ವಾದ ಇನ್ನೂ ದುರ್ಬಲ. ಸಬ್ಸಿಡಿ ದೊಡ್ಡದು, ಗಳಿಕೆ ಚಿಕ್ಕದು.

ಸಬ್ಸಿಡಿ ಹೊತ್ತಿಗೆ ಸರಿಯಾಗಿ ಬರದಿದ್ದರೆ ಮತ್ತೊಂದು ಕಷ್ಟ. ಕರೆಂಟ್ ಕೊಳ್ಳುವುದನ್ನು ನಿಲ್ಲಿಸಲಾಗದು. ಹಾಗಾಗಿ ಕತ್ತರಿ ಬೀಳುವುದು ನಿರ್ವಹಣೆಗೆ. ತಂತಿಗೆ ತಾಗುವ ಕೊಂಬೆ ಕಡಿಯುವುದಿಲ್ಲ, ಟ್ರಾನ್ಸ್‌ಫಾರ್ಮರಿನ ಎಣ್ಣೆ ನೋಡುವುದಿಲ್ಲ. ಬೇಸಿಗೆಯಲ್ಲಿ ವೋಲ್ಟೇಜ್ ಕುಸಿದು ಪಂಪು ಎಳೆಯದಿದ್ದಾಗ, ಒಂದೇ ಟ್ರಾನ್ಸ್‌ಫಾರ್ಮರ್ ಮತ್ತೆ ಮತ್ತೆ ಸುಟ್ಟಾಗ ಅದು ಜನಕ್ಕೆ ಗೊತ್ತಾಗುತ್ತದೆ. ಸರಾಸರಿ ಬೆಲೆಗೂ ತನ್ನದೇ ರೋಗವಿದೆ. ಖರ್ಚೆಲ್ಲ ಬೆಲೆಯಲ್ಲಿ ಹುಟ್ಟುತ್ತದೆ ಎಂದು ಗೊತ್ತಾದ ಕಂಪನಿಗೆ ಖರ್ಚು ಇಳಿಸುವ ತುರ್ತು ಇರುವುದಿಲ್ಲ.

1946ರಲ್ಲಿ ರೊನಾಲ್ಡ್ ಕೋಸ್ ಹೊಟೆಲಿಂಗ್‌ಗೆ ಉತ್ತರ ಕೊಟ್ಟರು. ಯೂನಿಟ್ಟಿಗೆ 4 ರೂಪಾಯಿಯೇ ಇರಲಿ, ಕಂಬ-ತಂತಿಯ ಹಣವನ್ನು ಬಳಕೆದಾರರಿಂದಲೇ ಪ್ರತ್ಯೇಕವಾಗಿ ಪಡೆಯಿರಿ, ಪಕ್ಕದ ಊರಿನ ತೆರಿಗೆದಾರ ಯಾಕೆ ಕೊಡಬೇಕು ಎಂಬುದು ಅವರ ವಾದದ ತಿರುಳು. ನಮ್ಮ ಊರಿನಲ್ಲಿ 4,000 ಮನೆಗಳಿದ್ದರೆ ಮನೆಗೆ 150 ರೂಪಾಯಿ. ಬಿಲ್ಲಿನ ಆ ನಿಗದಿತ ಶುಲ್ಕದ ಹಿಂದಿರುವ ತರ್ಕ ಇದು. ಆದರೆ ತೊಂದರೆ ಯಾರಿಗೆ ನೋಡಿ: ತಿಂಗಳಿಗೆ 20 ಯೂನಿಟ್ ಉರಿಸುವ ಬಡವರ ಮನೆಗೆ ಸರಾಸರಿ ಬೆಲೆಯಲ್ಲಿ 120 ರೂಪಾಯಿ ಬರುತ್ತಿದ್ದ ಬಿಲ್ಲು ಈಗ 230. 300 ಯೂನಿಟ್ಟಿನ ದೊಡ್ಡ ಮನೆಗೆ 1,800 ಇದ್ದದ್ದು 1,350ಕ್ಕೆ ಇಳಿಯುತ್ತದೆ. ಎಲ್ಲರಿಗೂ ಒಂದೇ ಮೊತ್ತ ಹಾಕದೆ ಮಂಜೂರಾದ ಕಿಲೋವ್ಯಾಟ್ ಲೆಕ್ಕದಲ್ಲಿ ಹಾಕಿದರೆ ಈ ಅನ್ಯಾಯ ಒಂದಿಷ್ಟು ತಗ್ಗುತ್ತದೆ. ಅದು ಸರಿಯಾದ ದಾರಿ ಎಂದೇ ನನ್ನ ಅಭಿಪ್ರಾಯ.

ನಮ್ಮಲ್ಲಿ ದರ ಗೊತ್ತುಮಾಡುವುದು 1999ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಬೆಸ್ಕಾಂ, ಹೆಸ್ಕಾಂ ಮೊದಲಾದ ಕಂಪನಿಗಳು ತಮ್ಮ ಖರ್ಚಿನ ಪಟ್ಟಿ ಸಲ್ಲಿಸುತ್ತವೆ. ಸಾರ್ವಜನಿಕ ವಿಚಾರಣೆ ನಡೆಯುತ್ತದೆ. ಆಯೋಗ ಒಪ್ಪದ ಖರ್ಚನ್ನು ಕಡಿದು, ಉಳಿದದ್ದು ದರದಲ್ಲಿ ಹುಟ್ಟುವಂತೆ ಮಾಡುತ್ತದೆ. ಮೂಲದಲ್ಲಿ ಇದು ಸರಾಸರಿ ವೆಚ್ಚದ ದಾರಿಯೇ.

ಹಾಗಾದರೆ ಪಂಪ್‌ಸೆಟ್ಟಿನ ಉಚಿತ ಕರೆಂಟು, ಗೃಹಜ್ಯೋತಿ? ಅವು ಹೊಟೆಲಿಂಗ್ ಹೇಳಿದ ಸಬ್ಸಿಡಿಯಲ್ಲ. ಅವನ ಸಬ್ಸಿಡಿ ತಂತಿಯ ಖರ್ಚಿಗೆ ನಿಲ್ಲುತ್ತದೆ. ಬೆಲೆ 4ಕ್ಕಿಂತ ಕೆಳಗಿಳಿದರೆ ಕೊಂಡುತಂದ ಕರೆಂಟಿಗೂ ಸರ್ಕಾರವೇ ಕೊಡಬೇಕು. ಬಡವರಿಗೆ, ರೈತರಿಗೆ ಆಸರೆಯಾಗಲು ಒಂದು ಸರ್ಕಾರ ಹಾಗೆ ತೀರ್ಮಾನಿಸಬಹುದು. ಆ ತೀರ್ಮಾನಕ್ಕೆ ಬೇರೆ ಸಮರ್ಥನೆ ಬೇಕು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 65ನೆಯ ಸೆಕ್ಷನ್ ಇದಕ್ಕೊಂದು ಷರತ್ತು ಹಾಕಿದೆ: ಯಾವುದೇ ವರ್ಗದ ಗ್ರಾಹಕರಿಗೆ ದರದಲ್ಲಿ ಸಬ್ಸಿಡಿ ಕೊಡುವ ರಾಜ್ಯ ಸರ್ಕಾರ ಆ ಹಣವನ್ನು ಮುಂಗಡವಾಗಿ ಕಟ್ಟಬೇಕು.

ಆಯೋಗದ ದರ ಆದೇಶದಲ್ಲಿ ಪ್ರತಿ ಯೂನಿಟ್ಟಿನ ಸರಾಸರಿ ಪೂರೈಕೆ ವೆಚ್ಚ ಎಷ್ಟೆಂದು ಅಚ್ಚಾಗಿರುತ್ತದೆ. ಅದರ ಪಕ್ಕದಲ್ಲಿ ನಿಮ್ಮ ಬಿಲ್ಲಿನ ಮೊತ್ತವನ್ನು ಯೂನಿಟ್ಟುಗಳಿಂದ ಭಾಗಿಸಿ ಇಟ್ಟು ನೋಡಿ. ನಿಮ್ಮದು ಕಡಿಮೆಯಿದ್ದರೆ ಆ ವ್ಯತ್ಯಾಸವನ್ನು ಸರ್ಕಾರದ ಖಜಾನೆ ಕೊಡುತ್ತಿದೆ, ಇಲ್ಲವೇ ಹೆಚ್ಚಿನ ದರ ತೆರುವ ಯಾವುದೋ ಅಂಗಡಿ, ಕಾರ್ಖಾನೆ ಕೊಡುತ್ತಿದೆ.