ದಶಮಾಂಶ ಎಡವಿದ್ದು ಎಲ್ಲಿ?

ಏಳನೇ ತರಗತಿಯ ಗಣಿತದಲ್ಲಿ ಅರ್ಧ ತರಗತಿ ಫೇಲ್ ಎಂದುಕೊಳ್ಳಿ. ಇಡೀ ಪಾಠವನ್ನು ಮತ್ತೆ ಓದಿಸಿ, ಅದೇ ಪ್ರಶ್ನೆಪತ್ರಿಕೆ ಕೊಡುವುದು ಸುಲಭದ ದಾರಿ. ಆದರೆ ಉತ್ತರಪತ್ರಿಕೆಗಳನ್ನು ಪ್ರಶ್ನೆವಾರು ಹರಡಿ ನೋಡಿದರೆ ತಪ್ಪುಗಳು ಒಂದೆರಡು ಕಡೆಯೇ ಗುಂಪುಗೂಡಿರುತ್ತವೆ. ಅಂಥ ಒಂದು ಜಾಗ ದಶಮಾಂಶಗಳ ಹೋಲಿಕೆ.

0.6 ದೊಡ್ಡದೋ, 0.45 ದೊಡ್ಡದೋ? ಆರಕ್ಕಿಂತ ನಲವತ್ತೈದು ದೊಡ್ಡದಲ್ಲವೇ ಎಂದು ಹಲವು ಮಕ್ಕಳು 0.45 ಬರೆಯುತ್ತಾರೆ. ಇನ್ನು ಕೆಲವರ ಲೆಕ್ಕ ತಿರುಗುಮುರುಗು: ನೂರನೇ ಭಾಗ ಚಿಕ್ಕದು, ಹಾಗಾಗಿ ಅಂಕಿ ಹೆಚ್ಚಿದ್ದಷ್ಟೂ ಸಂಖ್ಯೆ ಚಿಕ್ಕದು. ಇವರು ಇಲ್ಲಿ 0.6 ಎಂದು ಬರೆದು ಪೂರ್ತಿ ಅಂಕ ಗಿಟ್ಟಿಸುತ್ತಾರೆ! ತಪ್ಪು ತರ್ಕ, ಸರಿ ಉತ್ತರ.

ಅದಕ್ಕೇ ಪರಿಹಾರ ಬೋಧನೆಯ ಕಿರುಪರೀಕ್ಷೆಯಲ್ಲಿ 0.75 ಮತ್ತು 0.3ರಂಥ ಜೋಡಿಯೂ ಬೇಕು. ಮೊದಲ ಗುಂಪು ಇದನ್ನು ದಾಟಿ ಹೋಗುತ್ತದೆ, ಎರಡನೆಯದು ಸಿಕ್ಕಿಬೀಳುತ್ತದೆ. ‘ಯಾಕೆ?’ ಎಂದು ಒಂದು ಸಾಲು ಬರೆಸಿದರೆ ಊಹೆಯ ಉತ್ತರಗಳೂ ಬಯಲಾಗುತ್ತವೆ.

ಪಾಠಕ್ಕೆ ನೂರು ಚೌಕಗಳ ಹಾಳೆ ಸಾಕು. 0.6ಕ್ಕೆ ಅರವತ್ತು ಚೌಕ, 0.45ಕ್ಕೆ ನಲವತ್ತೈದು ಚೌಕ ಬಣ್ಣ ಹಚ್ಚಿದಾಗ ಜಗಳ ಅಲ್ಲೇ ತೀರುತ್ತದೆ. ರೂಪಾಯಿ-ಪೈಸೆಯ ಉದಾಹರಣೆ ಎರಡು ಸ್ಥಾನಗಳಾಚೆ ಕೈಕೊಡುತ್ತದೆ.

ವಾರದ ನಂತರ ಮರುಪರೀಕ್ಷೆ; ಅಂಕಿಗಳು ಹೊಸವು. 0.375 ಮತ್ತು 0.4ರಲ್ಲಿ ದೊಡ್ಡದು ಯಾವುದೆಂದು ಕೇಳಿದಾಗ 0.375 ಎಂದವರಿಗೆ ಚೌಕದ ಹಾಳೆ ಇನ್ನೊಮ್ಮೆ ಬೇಕು.