ವರ್ಗಮೂಲದ ಗುಂಡಿಯಿಂದ ಲಾಗರಿದಮ್

ಲಾಗ್ ಗುಂಡಿಯೇ ಇಲ್ಲದ ಅಂಗಡಿ ಕ್ಯಾಲ್ಕ್ಯುಲೇಟರ್‌ನಲ್ಲೂ 2ರ ಲಾಗರಿದಮ್ ಕಂಡುಹಿಡಿಯಬಹುದು. 2 ಒತ್ತಿ, ವರ್ಗಮೂಲದ ಗುಂಡಿಯನ್ನು ಹತ್ತು ಸಲ ಅದುಮಿ. 1.0006771 ಅಥವಾ ಅದಕ್ಕೆ ತೀರ ಹತ್ತಿರದ ಸಂಖ್ಯೆ ಬರುತ್ತದೆ. ಅದರಲ್ಲಿ 1 ಕಳೆದು, ಉಳಿದದ್ದನ್ನು 1024ರಿಂದ ಗುಣಿಸಿ. ಉತ್ತರ ಸುಮಾರು 0.6933. 2ರ ಸ್ವಾಭಾವಿಕ ಲಾಗರಿದಮ್ 0.6931.

ಹತ್ತು ಸಲ ವರ್ಗಮೂಲ ತೆಗೆದರೆ 2ರ ಘಾತ 1/1024 ಆಗುತ್ತದೆ. ಇದನ್ನೇ x ಎನ್ನೋಣ. 1024ರಿಂದ ಗುಣಿಸುವುದೆಂದರೆ xನಿಂದ ಭಾಗಿಸಿದಂತೆಯೇ. ಅಂದರೆ ನಾವು ಲೆಕ್ಕ ಹಾಕಿದ್ದು (2ˣ − 1)/x. x ಸೊನ್ನೆಯತ್ತ ಸರಿದಂತೆ ಮೇಲಿನದೂ ಕೆಳಗಿನದೂ ಸೊನ್ನೆಯತ್ತ ಸರಿಯುತ್ತವೆ, ಆದರೆ ಅವುಗಳ ಅನುಪಾತ ಒಂದು ಕಡೆ ನೆಲೆ ನಿಲ್ಲುತ್ತದೆ. x = 0.1 ಆದಾಗ ಅದು 0.7177, 0.01ಕ್ಕೆ 0.6956, 0.001ಕ್ಕೆ 0.6934. 2ರ ಬದಲು 3 ಇಟ್ಟರೆ ಈ ಮಿತಿ 1.0986.

ಈ ಮಿತಿ ಲಾಗರಿದಮ್ಮೇ ಏಕಾಗಬೇಕು? aಯ ಮಿತಿಯನ್ನು L(a) ಎಂದು ಕರೆಯೋಣ. ಲಾಗರಿದಮ್ಮಿನ ಗುರುತು ಗುಣಾಕಾರವನ್ನು ಕೂಡುವಿಕೆಯಾಗಿಸುವುದು. Lನಲ್ಲಿ ಆ ಗುಣವಿದೆಯೇ ನೋಡಿ:

(ab)ˣ − 1 = aˣ(bˣ − 1) + (aˣ − 1)

ಎರಡೂ ಬದಿಯನ್ನು xನಿಂದ ಭಾಗಿಸಿ, xಅನ್ನು ಸೊನ್ನೆಯತ್ತ ಒಯ್ಯಿರಿ. aˣ ಎಂಬುದು 1 ಆಗುವುದರಿಂದ L(ab) = L(a) + L(b) ಉಳಿಯುತ್ತದೆ. ಮೇಲಿನ ಎರಡು ಮಿತಿಗಳನ್ನು ಕೂಡಿದರೆ ಬರುವ 1.7917, ದಶಮಾಂಶದ ಕೊನೆಯ ಅಂಕಿಯಲ್ಲಿ ಒಂದರ ವ್ಯತ್ಯಾಸ ಬಿಟ್ಟರೆ, 6ರ ಮಿತಿಯೇ.

ಇನ್ನು ಆಧಾರ ಸಂಖ್ಯೆ ಯಾವುದು? 2ರ ಮಿತಿ 1ಕ್ಕಿಂತ ಕಡಿಮೆ, 3ರದ್ದು ಹೆಚ್ಚು. ಹಾಗಾಗಿ ನಡುವೆ ಎಲ್ಲೋ ಮಿತಿ ಸರಿಯಾಗಿ 1 ಆಗುವ ಸಂಖ್ಯೆಯಿದೆ. ಅದೇ e, ಸುಮಾರು 2.71828. ಈಗ aಯನ್ನು eᵏ ಎಂದು ಬರೆಯಿರಿ. ಆಗ

(eᵏˣ − 1)/x = k × (eᵏˣ − 1)/(kx)

ಬಲಗಡೆಯ ಭಿನ್ನರಾಶಿ ಇನ್ನೇನಲ್ಲ, eಯ ಮಿತಿ, ಅಂದರೆ 1. ಉಳಿಯುವುದು k. eಯನ್ನು ಯಾವ ಘಾತಕ್ಕೇರಿಸಿದರೆ a ಸಿಗುತ್ತದೋ ಆ ಘಾತವೇ aಯ ಸ್ವಾಭಾವಿಕ ಲಾಗರಿದಮ್. 1748ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆಯ್ಲರ್ ಹೆಚ್ಚುಕಡಿಮೆ ಈ ಹಾದಿಯನ್ನೇ ಹಿಡಿದಿದ್ದ. ತೀರ ಚಿಕ್ಕ ಘಾತಕ್ಕೆ aˣ ಎಂಬುದು 1 + kx ಎಂದು ಬರೆದು, a = 10 ಆದರೆ k ಸುಮಾರು 2.30258 ಎಂದು ತೋರಿಸಿ, k = 1 ಆಗುವ ಆಧಾರಕ್ಕೆ e ಎಂಬ ಅಕ್ಷರ ಕೊಟ್ಟ.

ಪಿಯುಸಿ ವಿದ್ಯಾರ್ಥಿಗಳು ಈ ಮಿತಿಯನ್ನು ಲೋಪಿತಾಲ್ ನಿಯಮದಿಂದ ಒಂದೇ ಸಾಲಿನಲ್ಲಿ ಮುಗಿಸುವುದುಂಟು. ಉತ್ತರ ಸರಿ, ಆದರೆ ಸಾಧನೆ ಸುತ್ತು ಹೊಡೆಯುತ್ತದೆ: aˣನ ಅವಕಲನ ಕಂಡುಹಿಡಿಯಲು ಬೇಕಾಗುವುದು ಇದೇ ಮಿತಿ.

ಕ್ಯಾಲ್ಕ್ಯುಲೇಟರ್‌ನಲ್ಲೂ ಒಂದು ಎಚ್ಚರ ಬೇಕು. ಹೆಚ್ಚು ಸಲ ಅದುಮಿದಷ್ಟೂ ಉತ್ತರ ನಿಖರವಾಗುತ್ತದೆಂದು ಇಪ್ಪತ್ತು ಸಲ ಅದುಮಿದರೆ, ಎಂಟು ಅಂಕಿಯ ಪರದೆಯಲ್ಲಿ 1ರ ಮುಂದೆ ಸೊನ್ನೆಗಳ ಸಾಲು, ತುದಿಯಲ್ಲಿ ಒಂದೇ ಅಂಕಿ. 1 ಕಳೆದ ಮೇಲೆ ಇಡೀ ಲೆಕ್ಕ ಆ ಒಂದು ಅಂಕಿಯ ಮೇಲೆ ನಿಲ್ಲುವುದರಿಂದ ಉತ್ತರ 0.69ರಿಂದ ದೂರ ಸರಿದಿರುತ್ತದೆ. ಇಂಥ ಯಂತ್ರಕ್ಕೆ ಹತ್ತು ಹನ್ನೆರಡು ಸಲ ಸಾಕು.