ಮೊಬೈಲ್ ಟಾರ್ಚ್ ಮುಂದೆ ಕಾಗದದ ಸಿಂಹ: ನೆರಳು ದೊಡ್ಡದಾಗೋದು ಹೇಗೆ?

ಇವತ್ತಿನ ಸಂಚಿಕೆಯಲ್ಲಿ ಒಂದು ಟಾರ್ಚ್, ಒಂದು ಬಿಳಿ ಪಂಚೆ, ಎರಡು ಕಾಗದದ ಗೊಂಬೆ. ಎಲ್‌ಕೆಜಿ ಮಕ್ಕಳಿಗೆ ನಾನು ಸಿಂಹ ಮತ್ತು ಇಲಿಯ ಕಥೆಯನ್ನು ನೆರಳಿನಲ್ಲಿ ಹೇಳ್ತೀನಿ. ಇದರಲ್ಲಿ ಕಷ್ಟದ ಭಾಗ ಗೊಂಬೆ ಕತ್ತರಿಸೋದಲ್ಲ, ಮಕ್ಕಳು ಹೆದರದ ಹಾಗೆ ನೆರಳನ್ನು ಹಿಡಿತದಲ್ಲಿ ಇಟ್ಟುಕೊಳ್ಳೋದು.

ಮೊದಲು ಜೋಡಣೆ. ಪಂಚೆಯನ್ನು ಸುಕ್ಕಿಲ್ಲದಂತೆ ಬಿಗಿಯಾಗಿ ಕಟ್ಟಿ. ಮಕ್ಕಳು ಒಂದು ಕಡೆ, ನೀವು ಇನ್ನೊಂದು ಕಡೆ. ಟಾರ್ಚ್ ಪಂಚೆಯಿಂದ ಸುಮಾರು 1 ಮೀಟರ್ ಹಿಂದೆ, ಸ್ವಲ್ಪ ಎತ್ತರದಲ್ಲಿರಲಿ. ಮಕ್ಕಳ ಕಣ್ಣಿನ ನೇರಕ್ಕೆ ಇಟ್ಟರೆ ತೆಳು ಬಟ್ಟೆಯಲ್ಲಿ ಬೆಳಕಿನ ಚುಕ್ಕೆ ಕಣ್ಣಿಗೆ ಚುಚ್ಚುತ್ತೆ. ದಪ್ಪ ರಟ್ಟಿನಲ್ಲಿ 15 ಸೆಂಟಿಮೀಟರ್ ಎತ್ತರದ ಸಿಂಹವನ್ನು ಪಕ್ಕದಿಂದ ಕಾಣುವಂತೆ ಕತ್ತರಿಸಿ, ಕಣ್ಣಿಗೆ ತೂತು ಮಾಡಿ, ಕೆಳಗೆ ತೆಂಗಿನ ಕಡ್ಡಿ ಅಂಟಿಸಿ. ಇಲಿ 4 ಸೆಂಟಿಮೀಟರ್ ಸಾಕು.

ಈಗ ಲೆಕ್ಕ. ಸಿಂಹ ಪಂಚೆಗೆ ತಾಗಿಕೊಂಡಿದ್ದರೆ ನೆರಳು ಅಷ್ಟೇ ಗಾತ್ರ, ಅಂಚೂ ಸ್ಪಷ್ಟ. ನಮ್ಮ ತೊಗಲುಗೊಂಬೆ ಆಟದಲ್ಲಿ ಗೊಂಬೆಯನ್ನು ಪರದೆಗೆ ಒತ್ತಿ ಹಿಡಿಯೋದೂ ಅದಕ್ಕೇ. ಟಾರ್ಚ್‌ಗೂ ಪಂಚೆಗೂ ನಟ್ಟನಡುವೆ ತಂದರೆ ನೆರಳು 30 ಸೆಂಟಿಮೀಟರ್. ಟಾರ್ಚ್‌ನಿಂದ 25 ಸೆಂಟಿಮೀಟರ್ ದೂರಕ್ಕೆ ತಂದರೆ 60. ಬೆಳಕು ಬೀಸಣಿಗೆಯಂತೆ ಹರಡೋದರಿಂದ, ಮೂಲಕ್ಕೆ ಹತ್ತಿರವಾದಷ್ಟೂ ಗೊಂಬೆ ಹೆಚ್ಚು ಕಿರಣಗಳನ್ನು ತಡೆಯುತ್ತೆ. ಆದರೆ ಅಂಚೂ ಮಸುಕಾಗುತ್ತೆ, ಯಾಕಂದ್ರೆ ಟಾರ್ಚ್‌ನ ಬೆಳಕು ಒಂದೇ ಬಿಂದುವಿನಿಂದ ಬರಲ್ಲ. ಒಂದೇ ಎಲ್ಇಡಿ ಇರುವ ಫೋನಿನ ಟಾರ್ಚ್‌ನಲ್ಲಿ ಈ ಮಸುಕು ಕಡಿಮೆ. ಎರಡು ಎಲ್ಇಡಿ ಒಟ್ಟಿಗೆ ಉರಿದರೆ ಜೋಡಿ ನೆರಳು ಕಾಣುತ್ತೆ. ಆಗ ಒಂದನ್ನು ಕಪ್ಪು ಟೇಪಿನಿಂದ ಮುಚ್ಚಿ.

ಸಿಂಹ ಎಚ್ಚರವಾಗುವ ಜಾಗದಲ್ಲಿ ಈ ಲೆಕ್ಕ ಕೆಲಸಕ್ಕೆ ಬರುತ್ತೆ. ಗೊಂಬೆಯನ್ನು ಪಂಚೆಯಿಂದ ನಿಧಾನಕ್ಕೆ ಹಿಂದೆಳೆಯಿರಿ, ನೆರಳು ಬೆಳೆಯುತ್ತಾ ಹೋಗುತ್ತೆ. ನಾನು ನಡುವಿನಲ್ಲೇ ನಿಲ್ಲಿಸ್ತೀನಿ. ದಿಢೀರನೆ ನಾಲ್ಕು ಪಟ್ಟು ಬೆಳೆದ ಮಸುಕು ಸಿಂಹ ಮೂರು ನಾಲ್ಕು ವರ್ಷದ ಮಗುವಿಗೆ ಕಥೆಯಲ್ಲ, ಭೂತ. ಕೂಗಾಡುತ್ತಾ ನಗೋ ಮಗು ಚೆನ್ನಾಗಿದೆ ಅಂತ ಅರ್ಥ. ಸದ್ದಿಲ್ಲದೆ ಕಿವಿ ಮುಚ್ಚಿಕೊಂಡು ಟೀಚರ್ ಕಡೆ ಸರಿಯೋ ಮಗುವನ್ನು ಗಮನಿಸಬೇಕು. ಪಂಚೆ ಅಡ್ಡ ಇರೋದರಿಂದ ನಿಮಗೆ ಅದು ಕಾಣಲ್ಲ. ಹಾಗಾಗಿ ಮಕ್ಕಳ ನಡುವೆ ಕೂತ ಟೀಚರ್ ಸನ್ನೆ ಕೊಡಲಿ. ತಕ್ಷಣ ಸಿಂಹವನ್ನು ಪಂಚೆಗೆ ಒತ್ತಿ, ಅದು ಮತ್ತೆ ಚಿಕ್ಕದಾಗುತ್ತೆ.

ಇದಕ್ಕಾಗಿಯೇ ಆಟಕ್ಕೆ ಮೊದಲು ಗೊಂಬೆಯನ್ನು ಮಕ್ಕಳ ಕೈಗೆ ಕೊಡ್ತೀನಿ, ಅದು ಕಾಗದ ಅಂತ ಮುಟ್ಟಿ ನೋಡಲಿ. ಕೋಣೆಯನ್ನೂ ಪೂರ್ತಿ ಕತ್ತಲು ಮಾಡಬೇಡಿ. ಪಕ್ಕದ ಮಗುವಿನ ಮುಖ ಕಾಣುವಷ್ಟು ಬೆಳಕಿರಲಿ. ಆದರೆ ಅದು ಪಂಚೆಯ ಮೇಲೆ ನೇರ ಬಿದ್ದರೆ ನೆರಳು ತೆಳ್ಳಗಾಗುತ್ತೆ.

ಬಲೆಗೆ ಏನು ಮಾಡೋದು? ಈರುಳ್ಳಿ ಬರುವ ಜಾಲರಿ ಚೀಲವನ್ನು ಪಂಚೆಗೆ ಒತ್ತಿ ಹಿಡಿಯಿರಿ, ಸಿಂಹ ಸಿಕ್ಕಿಬಿತ್ತು. ಇಲಿ ಕಡಿದಾಗ ಚೀಲ ಕೆಳಕ್ಕೆ ಜಾರಲಿ.